ಒಂಟಿಯಾಗಿ ನಿಂತ ‘ಅನ್ನು’: ಆ್ಯಪ್‌ಗಳ ಕನ್ನಡ ಯಾಕೆ ಹೀಗಿರುತ್ತದೆ?

ಆ್ಯಪ್‌ನಲ್ಲಿ ಕನ್ನಡ ಆರಿಸಿಕೊಂಡವರು ಎಷ್ಟೋ ಸಲ ಸ್ವಲ್ಪ ಹೊತ್ತಿಗೇ ಇಂಗ್ಲಿಷಿಗೆ ವಾಪಸ್ ಹೋಗುತ್ತಾರೆ. ಯಾಕೆ ಅಂತ ಕೇಳಿದರೆ ‘ಆ ಕನ್ನಡ ಕಷ್ಟ’ ಅನ್ನುತ್ತಾರೆ. ಅಲ್ಲಿಂದ ಚರ್ಚೆ ಹಳೇ ದಾರಿ ಹಿಡಿಯುತ್ತದೆ. ‘ಪಾಸ್‌ವರ್ಡ್’ ಅನ್ನಬೇಕಾ, ‘ಗುಪ್ತಪದ’ ಅನ್ನಬೇಕಾ? ‘ಡೌನ್‌ಲೋಡ್’ ಇರಲಾ, ಬೇಡವಾ? ಈ ವಾದದಲ್ಲಿ ಎರಡೂ ಕಡೆಯವರಿಗೆ ಉತ್ಸಾಹ ಜಾಸ್ತಿ. ಆದರೆ ಈ ಸಾಲುಗಳನ್ನು ನೋಡಿ: ‘ಫೋಟೋ ಅನ್ನು ಅಳಿಸಲಾಗಿದೆ’, ‘ಲತಾ ಇಂದ ಸಂದೇಶ’, ‘ರವಿ ಗೆ ಕಳುಹಿಸಿ’. ಇಲ್ಲಿ ಕಷ್ಟದ ಪದ ಒಂದೂ ಇಲ್ಲ. ಆದರೂ ಕನ್ನಡ ಬಲ್ಲವರು ಯಾರೂ ಹೀಗೆ ಮಾತಾಡುವುದಿಲ್ಲ, ಅಲ್ವಾ?

ತೊಂದರೆ ಇರುವುದು ಪದ ಮತ್ತು ಪ್ರತ್ಯಯ ಸೇರುವ ಜಾಗದಲ್ಲಿ. ಆ್ಯಪ್ ಬರೆಯುವವರು ವಾಕ್ಯದ ನಡುವೆ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಹೆಸರು, ವಸ್ತು, ಸಂಖ್ಯೆ ಆಮೇಲೆ ಬಂದು ಅಲ್ಲಿ ಕೂರುತ್ತದೆ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಏನೇ ಬಂದರೂ ಪದದ ರೂಪ ಬದಲಾಗುವುದಿಲ್ಲ. ಸಂಬಂಧ ತೋರಿಸುವ ಪದ ಬೇರೆಯಾಗಿ ಮುಂದೆ ನಿಂತಿರುತ್ತದೆ. ಕನ್ನಡದಲ್ಲಿ ಆ ಸಂಬಂಧ ಪದದ ಬಾಲಕ್ಕೆ ಅಂಟುತ್ತದೆ, ಅಂಟುವಾಗ ಪದವನ್ನೂ ಬದಲಿಸುತ್ತದೆ. ರವಿ ‘ರವಿಗೆ’ ಆಗುತ್ತಾನೆ, ಗುರು ‘ಗುರುವಿಗೆ’ ಆಗುತ್ತಾನೆ, ಗೌರಮ್ಮ ‘ಗೌರಮ್ಮನಿಗೆ’ ಆಗುತ್ತಾಳೆ, ಮರ ‘ಮರಕ್ಕೆ’ ಆಗುತ್ತದೆ. ಯಾರು ಬರುತ್ತಾರೆ ಅಂತ ಗೊತ್ತಿಲ್ಲದೆ ಅನುವಾದಕರು ಬಾಲ ಬರೆಯಬೇಕು. ಬೇರೆ ದಾರಿ ಕಾಣದೆ ‘ಅನ್ನು’, ‘ಇಂದ’, ‘ಗೆ’ಗಳನ್ನು ಒಂದು ಜಾಗ ಬಿಟ್ಟು ಒಂಟಿಯಾಗಿ ನಿಲ್ಲಿಸುತ್ತಾರೆ.

ಒಂದು ಚಿಕ್ಕ ಆಟವನ್ನು ಇಟ್ಟುಕೊಂಡು ನೋಡೋಣ. ಹಳ್ಳಿ ಸಂತೆಯ ಆಟ ಅಂದುಕೊಳ್ಳಿ. ಆಟಗಾರರು ತರಕಾರಿ ಕೊಳ್ಳಬೇಕು, ಮಾರಬೇಕು, ದುಡ್ಡು ಕೂಡಿಡಬೇಕು. ಆಂಡ್ರಾಯ್ಡ್‌ನಲ್ಲಾದರೆ ಇಂಗ್ಲಿಷ್ ಮಾತುಗಳು `values/strings.xml` ಕಡತದಲ್ಲಿ ಇರುತ್ತವೆ, ಕನ್ನಡದ್ದು `values-kn/strings.xml`ನಲ್ಲಿ. ಅನುವಾದಕರ ಕೈಗೆ ಬರುವ ಒಂದು ಸಾಲು ಹೀಗಿದೆ:

```xml
<string name="bought">You bought %1$d %2$s from %3$s.</string>
```

ಮೊದಲನೇ ಜಾಗಕ್ಕೆ ಸಂಖ್ಯೆ, ಎರಡನೆಯದಕ್ಕೆ ತರಕಾರಿ, ಮೂರನೆಯದಕ್ಕೆ ಮಾರುವವರ ಹೆಸರು. ಜಾಗಗಳಿಗೆ ನಂಬರ್ ಕೊಟ್ಟಿರುವುದು ಪುಣ್ಯ. ಕನ್ನಡದ ಪದಕ್ರಮಕ್ಕೆ ತಕ್ಕಂತೆ ಅವನ್ನು ಹಿಂದೆ ಮುಂದೆ ಮಾಡಬಹುದು. ಪದಕ್ಕೆ ಪದ ಇಟ್ಟುಕೊಂಡು ಹೋದರೆ ಹೀಗಾಗುತ್ತದೆ:

```xml
<string name="bought">ನೀವು %3$s ಇಂದ %1$d %2$s ಅನ್ನು ಖರೀದಿಸಿದ್ದೀರಿ.</string>
```

ಪರದೆಯ ಮೇಲೆ ‘ನೀವು ಗೌರಮ್ಮ ಇಂದ 3 ಕುಂಬಳಕಾಯಿ ಅನ್ನು ಖರೀದಿಸಿದ್ದೀರಿ’ ಅಂತ ಬರುತ್ತದೆ. ಇದೇ ಮಾತನ್ನು ಮನೆಯಲ್ಲಿ ‘ಗೌರಮ್ಮನ ಹತ್ತಿರ 3 ಕುಂಬಳಕಾಯಿ ಕೊಂಡಿರಿ’ ಅನ್ನುತ್ತೇವೆ. ಎರಡಕ್ಕೂ ಏನು ವ್ಯತ್ಯಾಸ ಅಂತ ಒಂದೊಂದಾಗಿ ಬಿಡಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು, ‘ನೀವು’ ಬೇಕಿಲ್ಲ. ‘ಕೊಂಡಿರಿ’ಯಲ್ಲೇ ಅದು ಸೇರಿದೆ. ಎರಡನೆಯದು, ‘ಅನ್ನು’ ಕೂಡ ಬೇಕಿಲ್ಲ. ಜೀವವಿಲ್ಲದ ವಸ್ತುವಿನ ಬಗ್ಗೆ, ಅದರಲ್ಲೂ ಎಣಿಕೆ ಜೊತೆಯಲ್ಲಿದ್ದಾಗ, ಕನ್ನಡ ಈ ಪ್ರತ್ಯಯವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ‘ನೀರು ಕುಡಿ’, ‘ಎರಡು ಇಡ್ಲಿ ತಿಂದೆ’, ‘ಬಾಗಿಲು ಹಾಕು’. ಅನುವಾದದ ಕನ್ನಡದಲ್ಲಿ ಮಾತ್ರ ಕರ್ಮಪದ ಕಂಡಲ್ಲೆಲ್ಲ ‘ಅನ್ನು’ ಹಚ್ಚುವ ಚಟ ಬೆಳೆದಿದೆ. ಆ್ಯಪ್‌ಗಳಲ್ಲಿರುವ ಒಂಟಿ ‘ಅನ್ನು’ಗಳಲ್ಲಿ ಬಹಳಷ್ಟನ್ನು ಸುಮ್ನೆ ಅಳಿಸಿದರೆ ವಾಕ್ಯ ತಾನಾಗೇ ಸರಿಹೋಗುತ್ತದೆ. ಮನುಷ್ಯರ ವಿಷಯದಲ್ಲಿ ಇದು ನಡೆಯುವುದಿಲ್ಲ. ‘ಕಾವಲುಗಾರ ಕರೆಯಿರಿ’ ಅನ್ನೋಕಾಗಲ್ಲ, ‘ಕಾವಲುಗಾರನನ್ನು ಕರೆಯಿರಿ’ ಅಂತಲೇ ಆಗಬೇಕು.

ಉಳಿದದ್ದು ಗೌರಮ್ಮ. ಇಲ್ಲಿ ಅನುವಾದಕರು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಈ ಜಾಗಕ್ಕೆ ಬರುವ ಹೆಸರುಗಳು ಆಟದವರೇ ಬರೆದಿಟ್ಟವಾ, ಅಥವಾ ಆಟಗಾರರು ಟೈಪ್ ಮಾಡುವಂಥವಾ? ಟೈಪ್ ಮಾಡುವಂಥವಾದರೆ ‘ಅವರು’ ನಮ್ಮನ್ನು ಕಾಪಾಡುತ್ತದೆ. ‘%3$s ಅವರ ಹತ್ತಿರ’ ಅಂತ ಬರೆದರೆ ರವಿ, ಲತಾ, ಗುರು, ಸುರೇಶ್ ಯಾರು ಬಂದರೂ ಹೊಂದುತ್ತದೆ. ಗಂಡಾ ಹೆಣ್ಣಾ ಅನ್ನುವ ಚಿಂತೆಯೂ ತಪ್ಪುತ್ತದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದರೂ ಓದಲು ಅಡ್ಡಿಯಿಲ್ಲ.

ಆದರೆ ಸಂತೆಯ ಗೌರಮ್ಮ ಆಟದ ಪಾತ್ರ. ಆಕೆಗೆ ಸಾಲು ಸಾಲಿನಲ್ಲೂ ‘ಗೌರಮ್ಮ ಅವರು’ ಅಂದರೆ ಊರಿನ ಸಲಿಗೆಯೇ ಹೋಗುತ್ತದೆ. ಸಭೆಯಲ್ಲಿ ಸನ್ಮಾನ ಮಾಡುವ ಹಾಗೆ ಕೇಳಿಸುತ್ತದೆ. ಪಾತ್ರಗಳ ಪಟ್ಟಿ ಮೊದಲೇ ಗೊತ್ತಿರುವುದರಿಂದ ಅವುಗಳ ರೂಪಗಳನ್ನೂ ಬರೆದಿಡಬಹುದು:

```json
{
  "gowramma":     "ಗೌರಮ್ಮ",
  "gowramma.gen": "ಗೌರಮ್ಮನ",
  "gowramma.dat": "ಗೌರಮ್ಮನಿಗೆ",
  "guru":         "ಗುರು",
  "guru.gen":     "ಗುರುವಿನ",
  "guru.dat":     "ಗುರುವಿಗೆ"
}
```

ಕೋಡ್ ಬರೆಯುವವರು ‘ಹತ್ತಿರ’ದ ವಾಕ್ಯಕ್ಕೆ `.gen` ರೂಪವನ್ನು, ‘ಕೊಡಿ’ ವಾಕ್ಯಕ್ಕೆ `.dat` ರೂಪವನ್ನು ಕಳಿಸಬೇಕು. ಹತ್ತು ಪಾತ್ರ ಇದ್ದರೆ ಮೂವತ್ತು ಸಾಲು, ಅಷ್ಟೇ. ಆದರೆ ಇದನ್ನು ಅನುವಾದಕರು ಒಬ್ಬರೇ ಮಾಡೋಕಾಗಲ್ಲ. ಆಟ ಕಟ್ಟುವವರು ಒಪ್ಪಬೇಕು. ಎಕ್ಸೆಲ್ ಶೀಟಿನಲ್ಲಿ ಬಿಡಿ ಸಾಲುಗಳನ್ನು ತುಂಬಿ ‘ಶುಕ್ರವಾರದೊಳಗೆ ಕನ್ನಡ ಮಾಡಿಕೊಡಿ’ ಅಂತ ಕಳಿಸುವ ಪದ್ಧತಿಯಲ್ಲಿ ಈ ಮಾತುಕತೆಗೆ ಜಾಗವೇ ಇರುವುದಿಲ್ಲ. ಕೆಟ್ಟ ಕನ್ನಡಕ್ಕೆ ಬೈಗುಳ ಅನುವಾದಕರಿಗೆ ಬೀಳುತ್ತದೆ. ನನ್ನ ಪ್ರಕಾರ ಅದರಲ್ಲಿ ದೊಡ್ಡ ಪಾಲು ಆ ಶೀಟಿಗೆ ಸಲ್ಲಬೇಕು.

ಪ್ರತ್ಯಯದ ಗೋಜೇ ಬೇಡ ಅಂತ ಎಲ್ಲವನ್ನೂ ‘ಕೊಂಡದ್ದು: ಕುಂಬಳಕಾಯಿ. ಎಷ್ಟು: 3. ಮಾರಿದವರು: ಗೌರಮ್ಮ’ ಅಂತ ಬಿಡಿಬಿಡಿಯಾಗಿ ಬರೆಯುವ ಉಪಾಯವೂ ಇದೆ. ವ್ಯಾಕರಣ ಎಲ್ಲೂ ತಪ್ಪುವುದಿಲ್ಲ. ಆದರೆ ಆಟವೆಲ್ಲ ಹೀಗೇ ಇದ್ದರೆ ಪಡಿತರ ಅಂಗಡಿಯ ರಸೀದಿ ಓದಿದ ಹಾಗಿರುತ್ತದೆ. ಪರದೆಯ ಮೂಲೆಯ ಎಣಿಕೆಗೆ ಇದು ಸಾಕು, ಪಾತ್ರಗಳ ಮಾತಿಗೆ ಸಾಲದು.

ಸಂಖ್ಯೆಯ ವಿಷಯದಲ್ಲಿ ಇನ್ನೊಂದು ತೊಡಕು ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಏಕವಚನ ಬಹುವಚನಕ್ಕೆ ಆಂಡ್ರಾಯ್ಡ್‌ನಲ್ಲಿ ಎರಡು ರೂಪ ಬರೆಯುತ್ತಾರೆ, ‘ಒನ್’ ಮತ್ತು ‘ಅದರ್’. ಯಾವ ಸಂಖ್ಯೆಗೆ ಯಾವ ರೂಪ ಅನ್ನುವುದನ್ನು ಪ್ರತಿ ಭಾಷೆಗೂ ಯೂನಿಕೋಡ್‌ನವರ ಸಿಎಲ್‌ಡಿಆರ್ ಎಂಬ ದತ್ತಾಂಶ ನಿರ್ಧರಿಸುತ್ತದೆ. ಇಂಗ್ಲಿಷಿನಲ್ಲಿ ‘ಒನ್’ ಅಂದರೆ 1 ಮಾತ್ರ. ಕನ್ನಡದ ನಿಯಮದಲ್ಲಿ 0 ಕೂಡ ‘ಒನ್’ಗೇ ಸೇರುತ್ತದೆ. ಈಗ ಇದನ್ನು ನೋಡಿ:

```xml
<plurals name="eggs_left">
  <item quantity="one">ಒಂದು ಮೊಟ್ಟೆ ಉಳಿದಿದೆ</item>
  <item quantity="other">%d ಮೊಟ್ಟೆ ಉಳಿದಿವೆ</item>
</plurals>
```

ಓದಲು ಚೆನ್ನಾಗಿದೆ. ಆದರೆ ಬುಟ್ಟಿ ಖಾಲಿಯಾದಾಗ ಆಟ ‘ಒಂದು ಮೊಟ್ಟೆ ಉಳಿದಿದೆ’ ಅನ್ನುತ್ತದೆ. ಆಟಗಾರರು ಇಲ್ಲದ ಮೊಟ್ಟೆಗಾಗಿ ಒತ್ತುತ್ತಲೇ ಇರುತ್ತಾರೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ, ಯಾಕಂದರೆ ಅಲ್ಲಿ 0 ‘ಅದರ್’ಗೆ ಹೋಗುತ್ತದೆ. `quantity="zero"` ಅಂತ ಒಂದು ಸಾಲು ಸೇರಿಸಿದರೂ ಉಪಯೋಗವಿಲ್ಲ. ಕನ್ನಡದ ನಿಯಮದಲ್ಲಿ ಆ ವರ್ಗವೇ ಇಲ್ಲದ್ದರಿಂದ ಆಂಡ್ರಾಯ್ಡ್ ಅದನ್ನು ನೋಡುವುದಿಲ್ಲ. ‘ಒನ್’ನಲ್ಲೂ `%d` ಇಡಬೇಕು. ಸೊನ್ನೆಗೆ ‘ಮೊಟ್ಟೆ ಮುಗಿದಿವೆ’ ಅಂತ ಬೇರೆ ಸಾಲು ಬೇಕಿದ್ದರೆ ಕೋಡ್‌ನಲ್ಲೇ 0 ಬಂತಾ ಅಂತ ನೋಡಿ ತೋರಿಸಬೇಕು. ಕೋಡ್‌ನಲ್ಲಿ ತಪ್ಪು ಹುಡುಕುವ ಆಂಡ್ರಾಯ್ಡ್ ಲಿಂಟ್ ಈ ತಪ್ಪಿಗೆ `ImpliedQuantity` ಅಂತ ಎಚ್ಚರಿಕೆ ಕೊಡುತ್ತದೆ. ಅದನ್ನು ಯಾರಾದರೂ ಓದಬೇಕು, ಅಷ್ಟೇ.

ಈಗ ಪದಪಟ್ಟಿಗೆ ಬರೋಣ, ಅಂದರೆ ಗ್ಲಾಸರಿ. ಸಾಮಾನ್ಯವಾಗಿ ಇದು ಎರಡು ಕಾಲಂನ ಪಟ್ಟಿ: ಇಂಗ್ಲಿಷ್ ಒಂದು ಕಡೆ, ಕನ್ನಡ ಇನ್ನೊಂದು ಕಡೆ. ಕನ್ನಡಕ್ಕೆ ಅದು ಸಾಲದು. ಪದ ಬಿಡಿಯಾಗಿ ಚೆನ್ನಾಗಿದ್ದರೆ ಆಗಲಿಲ್ಲ, ಪ್ರತ್ಯಯ ಹೊತ್ತಾಗ ಹೇಗಿರುತ್ತದೆ ಅನ್ನುವುದೂ ಪಟ್ಟಿಯಲ್ಲೇ ಇರಬೇಕು. ಇಲ್ಲದಿದ್ದರೆ ಒಬ್ಬರು ‘ಲೆವೆಲ್‌ಗೆ’ ಬರೆಯುತ್ತಾರೆ, ಇನ್ನೊಬ್ಬರು ‘ಲೆವೆಲ್ಲಿಗೆ’, ಮತ್ತೊಬ್ಬರು ‘ಲೆವೆಲ್ ಗೆ’. ಮೂವರೂ ಪಟ್ಟಿ ಪಾಲಿಸಿದ್ದಾರೆ, ಆದರೆ ಆಟದಲ್ಲಿ ಮೂರು ಬಗೆ ಇದೆ. ಸಂತೆ ಆಟದ ಪಟ್ಟಿಯ ತುಣುಕೊಂದು ಹೀಗಿರಬಹುದು:

```
en,ಅರ್ಥ,kn,ಅನ್ನು-ರೂಪ,ಗೆ-ರೂಪ,ಬೇಡ
coin,ಆಟದ ಹಣ,ನಾಣ್ಯ,ನಾಣ್ಯವನ್ನು,ನಾಣ್ಯಕ್ಕೆ,ಕಾಯಿನ್
level,ಆಟದ ಒಂದು ಘಟ್ಟ,ಹಂತ,ಹಂತವನ್ನು,ಹಂತಕ್ಕೆ,ಲೆವೆಲ್
level,ಆಟಗಾರರ ಬಲ,ಲೆವೆಲ್,ಲೆವೆಲನ್ನು,ಲೆವೆಲ್‌ಗೆ,ಮಟ್ಟ
draw,ಪಂದ್ಯ ಸಮ,ಡ್ರಾ,,,ಎಳೆಯಿರಿ
draw,ಚೀಟಿ ತೆಗೆಯುವುದು,ತೆಗೆಯಿರಿ,,,ಚಿತ್ರ ಬಿಡಿಸಿ
```

‘ಅರ್ಥ’ ಅನ್ನುವ ಕಾಲಂ ಯಾಕೆ ಬೇಕು ಅಂತ ಕೊನೆಯ ನಾಲ್ಕು ಸಾಲು ನೋಡಿದರೆ ಗೊತ್ತಾಗುತ್ತದೆ. ಇಂಗ್ಲಿಷಿನ ಒಂದೇ ಪದ ಎರಡು ಕೆಲಸ ಮಾಡುತ್ತಿದೆ. ಆ ಕಾಲಂ ಇಲ್ಲದಿದ್ದರೆ ಪಂದ್ಯ ಸಮವಾದಾಗ ಪರದೆ ‘ಚಿತ್ರ ಬಿಡಿಸಿ’ ಅನ್ನುತ್ತದೆ. ‘ಬೇಡ’ ಕಾಲಂ ಕೂಡ ಅಷ್ಟೇ ಮುಖ್ಯ. ಒಂದು ಸಲ ಜಗಳವಾಡಿ ಕೈಬಿಟ್ಟ ಪದ ಮತ್ತೆ ಮತ್ತೆ ಮರಳಿ ಬರುವುದನ್ನು ಅದು ತಡೆಯುತ್ತದೆ. ಎರವಲು ಪದ ಇಟ್ಟುಕೊಳ್ಳಬೇಕಾ ಅನ್ನುವ ಪ್ರಶ್ನೆಗೂ ಇಲ್ಲೇ ಒಂದು ಅಳತೆಗೋಲು ಸಿಗುತ್ತದೆ. ‘ಹಂತ’ಕ್ಕೆ ಪ್ರತ್ಯಯ ಸಲೀಸಾಗಿ ಹತ್ತುತ್ತದೆ. ‘ಲೆವೆಲ್’ನಂಥ ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಪ್ರತಿ ಸಲವೂ ತಿಣುಕಾಡಬೇಕು. ಎರಡೂ ಪದ ಜನರಿಗೆ ಗೊತ್ತಿದ್ದರೆ ನಾನು ಸಲೀಸಾಗಿ ಬಾಗುವ ಪದವನ್ನೇ ಆರಿಸುತ್ತೇನೆ. ಆಡುವ ಹುಡುಗರ ಬಾಯಲ್ಲಿ ‘ಲೆವೆಲ್’ ಒಂದೇ ಓಡಾಡುವ ಕಡೆ ಮಾತ್ರ ಅದನ್ನು ಬಿಟ್ಟುಕೊಡುತ್ತೇನೆ.

ಆ ತಿಣುಕಾಟದ ಹಿಂದೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ‘ಲೆವೆಲ್’ ಮತ್ತು ‘ಗೆ’ ನೇರವಾಗಿ ಸೇರಿದರೆ ‘ಲೆವೆಲ್ಗೆ’ ಆಗಿ, ಗಕಾರ ಲಕಾರದ ಒತ್ತಾಗಿಬಿಡುತ್ತದೆ. ಅದನ್ನು ತಡೆಯಲು ನಡುವೆ ಯೂನಿಕೋಡ್‌ನ U+200C ಇಡಬೇಕು. ಇದರ ಜೋಡಿ U+200D. ಆಟಗಳಲ್ಲಿ ಇದು ಬೇಕಾಗುವುದು ‘ರ‍್ಯಾಂಕ್’ ಪದಕ್ಕೆ. ರಕಾರ ಆದಮೇಲೆ U+200D, ಆಮೇಲೆ ಸ್ವರ ಕಳೆಯುವ ವಿರಾಮದ ಗುರುತು, ಆಮೇಲೆ ಯಕಾರ. ಅದು ಬಿಟ್ಟುಹೋದರೆ ‘ಸೂರ್ಯ’ದಲ್ಲಿ ಬರುವಂಥ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಅನುವಾದಕರು ಸರಿಯಾಗೇ ಟೈಪ್ ಮಾಡಿರುತ್ತಾರೆ. ನಡುವೆ ಯಾವುದೋ ಸ್ಕ್ರಿಪ್ಟ್ ‘ಬೇಡದ ಅಕ್ಷರ’ ಅಂತ ಇವನ್ನು ಉಜ್ಜಿಹಾಕುತ್ತದೆ. ಕೆಲವು ಪದಗಳಷ್ಟೇ ಕೆಟ್ಟು, ಕೆಟ್ಟವೆಲ್ಲ ಇಂಗ್ಲಿಷ್ ಮೂಲದ ಪದಗಳೇ ಆಗಿದ್ದರೆ ಇದೇ ಕಾರಣ ಅಂತ ಗುಮಾನಿ ಪಡಬಹುದು.

ಕಡತದಲ್ಲಿ ಎಲ್ಲ ಸರಿ ಇದ್ದೂ ಪರದೆಯಲ್ಲಿ ಕೆಡುವುದು ಬೇರೆ ಕಥೆ. ಆ್ಯಪ್‌ಗಳು ಫೋನಿನದೇ ಅಕ್ಷರ ವ್ಯವಸ್ಥೆ ಬಳಸಿದರೆ ಒತ್ತು, ಗುಣಿತ ಸರಿಯಾಗಿ ಬರುತ್ತವೆ. ಆಟ ಕಟ್ಟಲು ಬಳಸುವ ಎಂಜಿನ್‌ಗಳು ಅಕ್ಷರವನ್ನು ತಾವೇ ಬಿಡಿಸುತ್ತವೆ. ಯೂನಿಟಿ ಎಂಜಿನ್ನಿನಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ತಾನಾಗಿ ಒತ್ತಕ್ಷರ ಕಟ್ಟುವುದಿಲ್ಲ. ‘ಸ್ತ್ರೀ’ ಅಲ್ಲಿ ಬಿಡಿ ಬಿಡಿ ಅಕ್ಷರಗಳ ಸಾಲಾಗಿ ನಿಲ್ಲುತ್ತದೆ. ಗೊಡೊ ಎಂಜಿನ್ನಿಗೆ ಈ ಶಕ್ತಿ ಬಂದದ್ದು 2023ರಲ್ಲಿ, 4.0 ಆವೃತ್ತಿಯ ಜೊತೆ. ಹಿಂದಿಯಲ್ಲಿ ಇಂಥ ತಪ್ಪಾದರೆ ಇಕಾರದ ಗುರುತು ಅಕ್ಷರದ ಎಡಕ್ಕೆ ಬರುವ ಬದಲು ಬಲಕ್ಕೆ ಬಿದ್ದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಕನ್ನಡದಲ್ಲಿ ಎಡಕ್ಕೆ ಹೋಗುವ ಗುರುತೇ ಇಲ್ಲ. ಹಾಗಾಗಿ ಕನ್ನಡ ಬಾರದ ಪರೀಕ್ಷಕರಿಗೆ ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಮುಂಚೆಯೇ ಎಂಜಿನ್‌ನಲ್ಲಿ ‘ಶಸ್ತ್ರಾಸ್ತ್ರ’, ‘ರಾಷ್ಟ್ರ’, ‘ರ‍್ಯಾಂಕ್’, ‘ಕೃಷಿ’ ಈ ನಾಲ್ಕು ಪದ ತೋರಿಸಿ ನೋಡುವುದು ಒಳ್ಳೆಯದು. ಸಾವಿರ ಸಾಲು ಅನುವಾದವಾದ ಮೇಲೆ ‘ಈ ಎಂಜಿನ್‌ಗೆ ಒತ್ತು ಬರಲ್ಲ’ ಅಂತ ಗೊತ್ತಾದರೆ ಯಾರಿಗೆ ತಾನೇ ಬೇಕು?

‘ಶಸ್ತ್ರಾಸ್ತ್ರ’ ಇನ್ನೂ ಎರಡು ಕೆಲಸಕ್ಕೆ ಬರುತ್ತದೆ. ಅದರಲ್ಲಿ ಒತ್ತಿನ ಕೆಳಗೆ ಒತ್ತು ಇದೆ. ಗುಂಡಿಯ ಎತ್ತರವನ್ನು ಇಂಗ್ಲಿಷಿಗೆ ಅಳೆದು ಕಟ್ಟಿದ್ದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆಂಡ್ರಾಯ್ಡ್ 15ಕ್ಕೆಂದು ಕಟ್ಟುವ ಆ್ಯಪ್‌ಗಳಲ್ಲಿ `elegantTextHeight` ಅನ್ನುವ ಸೌಲಭ್ಯ ತಾನಾಗೇ ಜಾರಿಯಲ್ಲಿರುತ್ತದೆ, ಕನ್ನಡದಂಥ ಲಿಪಿಗಳಿಗೆ ಎತ್ತರ ಜಾಸ್ತಿ ಸಿಗುತ್ತದೆ. ಆದರೆ ಗುಂಡಿಯ ಎತ್ತರವನ್ನೇ ಕಟ್ಟಿಹಾಕಿದ್ದರೆ ಅದರಿಂದ ಏನೂ ಆಗದು. ಇನ್ನು ಉದ್ದದ ವಿಷಯ. ಕಣ್ಣಿಗೆ ‘ಶಸ್ತ್ರಾಸ್ತ್ರ’ ಮೂರೇ ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ 12. ಹಾಗಾಗಿ ‘ಹತ್ತು ಅಕ್ಷರದೊಳಗೆ ಬರೆಯಿರಿ’ ಅನ್ನುವ ಮಿತಿ ಕನ್ನಡದಲ್ಲಿ ಏನನ್ನೂ ಅಳೆಯುವುದಿಲ್ಲ. ಮಿತಿಗೆ ಅಂಜಿ ಅನುವಾದಕರು ಒಳ್ಳೆಯ ಪದ ಬಿಡುತ್ತಾರೆ, ಇಲ್ಲಾ ಮಿತಿಯೊಳಗೇ ಇದ್ದ ಪದ ಗುಂಡಿಯಿಂದ ಹೊರಗೆ ಚಾಚುತ್ತದೆ. ಅಳೆಯಬೇಕಾದದ್ದು ಪರದೆಯ ಅಗಲವನ್ನು. ಸಂಭಾಷಣೆಯನ್ನು ಟೈಪ್ ಮಾಡಿದ ಹಾಗೆ ಒಂದೊಂದೇ ಅಕ್ಷರವಾಗಿ ತೋರಿಸುವ ಆಟಗಳಲ್ಲೂ ಇದೇ ಲೆಕ್ಕ ಕೈಕೊಡುತ್ತದೆ. ‘ಕ್ಷಮಿಸಿ’ ಅನ್ನುವುದು ಕ, ಕ್, ಕ್ಷ ಅಂತ ಮಿನುಗುತ್ತಾ ಬರುತ್ತದೆ. ಅಲ್ಲಿ ಪದ ಪದವಾಗಿ ತೋರಿಸುವುದೇ ಸುಲಭದ ದಾರಿ.

ಕೊನೆಗೆ ಪರದೆಯ ಪರೀಕ್ಷೆ. ಆಂಡ್ರಾಯ್ಡ್ 13ರಿಂದೀಚೆಗೆ, ಆ್ಯಪ್ ಬೆಂಬಲಿಸುವಂತಿದ್ದರೆ, ಇಡೀ ಫೋನಿನ ಭಾಷೆ ಬದಲಿಸದೆ ಒಂದೇ ಆ್ಯಪನ್ನು ಕನ್ನಡದಲ್ಲಿ ನೋಡಬಹುದು. ಚಿಕ್ಕ ಪರದೆಯ ಫೋನ್ ತೆಗೆದುಕೊಳ್ಳಿ. ಅಕ್ಷರದ ಗಾತ್ರವನ್ನು ದೊಡ್ಡದಕ್ಕೆ ಇಡಿ, ಕನ್ನಡ ಆರಿಸುವ ಹಿರಿಯರು ಇಡುವುದೇ ಹಾಗೆ. ಹೆಸರಿನ ಜಾಗಕ್ಕೆ ಬೇಕೆಂದೇ ಬೇರೆ ಬೇರೆ ಸ್ವರದಲ್ಲಿ ಮುಗಿಯುವ ಹೆಸರು ಕೊಡಿ: ರವಿ, ಲತಾ, ಗುರು, ಗೌರಮ್ಮ. ವ್ಯಂಜನದಲ್ಲಿ ಮುಗಿಯುವ ಸುರೇಶ್ ಇರಲಿ, ಇಂಗ್ಲಿಷ್ ಅಕ್ಷರದ ಒಂದು ಹೆಸರೂ ಇರಲಿ. ಸಂಖ್ಯೆಗೆ 0, 1, 2 ಮತ್ತು ಒಂದು ದೊಡ್ಡ ಮೊತ್ತ. ಮೇಲೆ ಹೇಳಿದ ತಪ್ಪುಗಳಲ್ಲಿ ಬಹುಪಾಲು ಇಷ್ಟರಲ್ಲೇ ಹೊರಗೆ ಬರುತ್ತವೆ.

ಇದಾದ ಮೇಲೆ ಇಂಗ್ಲಿಷ್ ಆವೃತ್ತಿಯನ್ನು ನೋಡಿಯೇ ಇಲ್ಲದವರ ಕೈಗೆ ಫೋನ್ ಕೊಡಬೇಕು. ‘ಕನ್ನಡ ಹೇಗಿದೆ?’ ಅಂತ ಕೇಳಬಾರದು. ಕೇಳಿದರೆ ಎಲ್ಲರೂ ‘ಚೆನ್ನಾಗಿದೆ’ ಅನ್ನುತ್ತಾರೆ. ‘ಎರಡು ಬದನೆಕಾಯಿ ಮಾರಿ’ ಅಂತ ಕೆಲಸ ಕೊಟ್ಟು, ಬೆರಳು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಿರಬೇಕು. ಉದ್ದದ ಸಾಲುಗಳನ್ನು ಜೋರಾಗಿ ಓದಿಸಬೇಕು. ಓದುತ್ತಾ ಓದುತ್ತಾ ಅವರು ಬರೆದದ್ದನ್ನು ಬಿಟ್ಟು ತಮ್ಮದೇ ಪದ ಹಾಕಿ ಓದಿದರೆ ಅದನ್ನು ಬರೆದುಕೊಳ್ಳಿ. ‘ಖರೀದಿಸಿದ್ದೀರಿ’ ಎದುರಿಗಿದ್ದರೂ ‘ತಗೊಂಡ್ರಿ’ ಅಂತ ಬಾಯಿಗೆ ಬಂದರೆ, ಪದಪಟ್ಟಿಗೆ ಅದಕ್ಕಿಂತ ಒಳ್ಳೆಯ ಸಲಹೆ ಸಿಗುವುದಿಲ್ಲ. ಎಡವಿದ ಪ್ರತಿ ಪರದೆಯ ಚಿತ್ರ ತೆಗೆದು, ಆ ಸಾಲಿನ ಹೆಸರಿನ ಜೊತೆ, ಅಂದರೆ `bought`, `eggs_left` ಅಂತ, ಅನುವಾದಕರಿಗೆ ಕಳಿಸಬೇಕು. ‘ಆ ಮೂರನೇ ಪುಟದಲ್ಲಿ ಏನೋ ಸರಿಯಿಲ್ಲ’ ಅಂದರೆ ಅವರು ಹುಡುಕುವುದರಲ್ಲೇ ದಿನ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಪಟ್ಟಿ ಮುಗಿಯುವುದಿಲ್ಲ, ಯಾಕಂದರೆ ಆಟ ಬೆಳೆಯುತ್ತಿರುತ್ತದೆ. ಮುಂದಿನ ಅಪ್‌ಡೇಟಿನಲ್ಲಿ ಸಂತೆಯ ಜೊತೆ ಒಂದು ಹೊಲ ಬಂತು, ಕೆಲಸಕ್ಕೆ ಆಳುಗಳು ಬಂದರು ಅಂದುಕೊಳ್ಳಿ. ಮೊಟ್ಟೆಗೆ ಬರೆದ ‘%d … ಉಳಿದಿವೆ’ ಸಾಲನ್ನೇ ಕೋಡ್ ಬರೆಯುವವರು ಆಳುಗಳಿಗೂ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಒಂದೇ ಸಾಲು ಎರಡಕ್ಕೂ ನಡೆಯುತ್ತದೆ. ಕನ್ನಡದಲ್ಲಿ ‘3 ಆಳು ಉಳಿದಿವೆ’ ಅಂದರೆ ಆಳನ್ನು ದನದ ಸಾಲಿಗೆ ಸೇರಿಸಿದ ಹಾಗಾಗುತ್ತದೆ. ‘ಉಳಿದಿದ್ದಾರೆ’ ಬೇಕು, ಚಿಕ್ಕ ಸಂಖ್ಯೆಗೆ ‘ಇಬ್ಬರು’, ‘ಮೂವರು’ ಬಂದರೆ ಇನ್ನೂ ಚೆನ್ನ. ಆಗ ಪದಪಟ್ಟಿಗೆ ‘ಮನುಷ್ಯರಾ, ಅಲ್ಲವಾ’ ಅಂತ ಇನ್ನೊಂದು ಕಾಲಂ ಹಾಕಿ, ಸಾಲನ್ನು ಎರಡು ಮಾಡಬೇಕು. ಹಸು, ಎತ್ತು ‘ಉಳಿದಿವೆ’ ಕಡೆಗೇ ಬೀಳುತ್ತವೆ. ಆಟದಲ್ಲಿ ಹಸು ಮಾತಾಡುತ್ತದೆ ಅಂತಾದರೆ ಮಾತ್ರ, ಅದನ್ನು ಯಾವ ಕಡೆ ಹಾಕಬೇಕು ಅಂತ ಕಥೆ ಬರೆದವರನ್ನೇ ಕೇಳಬೇಕು.